ಎಂಟೂವರೆ ಪುಟದ ಕಿರುಚಿತ್ರ: ಎಷ್ಟು ಶಾಟ್, ಎಷ್ಟು ಲೊಕೇಶನ್, ಏನೇನು ಪ್ರಾಪರ್ಟಿ?

ಹೊಸಕಥೆ_ಮೈಸೂರು

ಎಲ್ಲರಿಗೂ ನಮಸ್ಕಾರ. ಕಿರುಚಿತ್ರದ ಸ್ಕ್ರಿಪ್ಟ್ ಮುಗಿದಿದೆ, ಶೂಟಿಂಗ್‌ಗೆ ಎರಡು ದಿನ ಇಟ್ಟುಕೊಂಡಿದ್ದೇವೆ. ಶಾರದಮ್ಮ ತಾನು ಹೊಲಿಯುತ್ತಿದ್ದ ಕಾಲು ತುಳಿಯುವ ಹೊಲಿಗೆ ಮಷೀನನ್ನು ಮಾರುವ ಕಥೆ. ಮಗ ರಘು ಬೆಂಗಳೂರಿನಿಂದ ಬರುತ್ತಾನೆ. ಜಗಲಿಯಲ್ಲಿ ಪಕ್ಕದ ಮನೆಯಾಕೆ ಬ್ಲೌಸ್ ಒಯ್ಯುತ್ತಾಳೆ, ರಾತ್ರಿ ತಾಯಿ ಮಗ ಊಟಕ್ಕೆ ಕೂರುತ್ತಾರೆ, ನಡುವೆ ತಾಯಿ ಸಾರು ತರಲು ಏಳುತ್ತಾಳೆ, ಮರುದಿನ ಮಷೀನ್ ಲಗೇಜ್ ಆಟೋ ಏರುತ್ತದೆ. ದೃಶ್ಯಗಳನ್ನು ಹೀಗೆ ಬರೆದಿದ್ದೇನೆ, ಪುಟದ ಲೆಕ್ಕ ಎಂಟನೇ ಭಾಗಗಳಲ್ಲಿದೆ:

1. ಹೊರಾಂಗಣ, ಬೀದಿ, ಬೆಳಗ್ಗೆ – 2/8
2. ಒಳಾಂಗಣ, ನಡುಮನೆ, ಬೆಳಗ್ಗೆ – 1 3/8
3. ಒಳಾಂಗಣ, ಅಡುಗೆಮನೆ, ಬೆಳಗ್ಗೆ – 3/8
4. ಹೊರಾಂಗಣ, ಜಗಲಿ, ಹಗಲು – 1
5. ಒಳಾಂಗಣ, ಬಸ್ಸಿನೊಳಗೆ, ಸಂಜೆ – 4/8
6. ಹೊರಾಂಗಣ, ಬಸ್ ಸ್ಟಾಂಡ್, ಸಂಜೆ – 2/8
7. ಒಳಾಂಗಣ, ಹಾಲ್, ರಾತ್ರಿ – 2 2/8
8. ಒಳಾಂಗಣ, ಕೋಣೆ, ರಾತ್ರಿ – 5/8
9. ಒಳಾಂಗಣ, ನಡು ಮನೆ, ಮರುದಿನ ಬೆಳಗ್ಗೆ – 1
10. ಹೊರಾಂಗಣ, ಬೀದಿ, ಬೆಳಗ್ಗೆ – 3/8
11. ಒಳಾಂಗಣ, ನಡುಮನೆ, ಸಂಜೆ – 4/8

ಪುಟಕ್ಕೆ ಹತ್ತು ಶಾಟ್ ಅಂತ ಎಲ್ಲೋ ಓದಿದ್ದೆ, ಆ ಲೆಕ್ಕದಲ್ಲಿ 85 ಶಾಟ್ ಆಗುತ್ತೆ. ಶೀಟ್‌ನಲ್ಲಿ `=COUNTUNIQUE(C2:C12)` ಹಾಕಿದರೆ ಲೊಕೇಶನ್ 9 ಅಂತ ತೋರಿಸ್ತಿದೆ. ಪ್ರಾಪರ್ಟಿ ಪಟ್ಟಿಯಲ್ಲಿ ಮಷೀನ್, ಫೋನ್, ತಟ್ಟೆ, ಹಣ ಅಂತ ನಾಲ್ಕೇ ಇವೆ. ಎರಡು ದಿನದಲ್ಲಿ ಆಗುತ್ತಾ?

ಹತ್ತುಶಾಟ್

ಪುಟಕ್ಕೆ ಹತ್ತು ಜಾಸ್ತಿಯಾಯ್ತು ಬ್ರದರ್. ಒಂದು ಪುಟ ಅಂದ್ರೆ ತೆರೆ ಮೇಲೆ ಒಂದು ನಿಮಿಷ. ಒಂದು ಶಾಟ್ ಸರಾಸರಿ 10 ಸೆಕೆಂಡ್ ಇಟ್ಟುಕೊಳ್ಳಿ. ಪುಟಕ್ಕೆ ಆರು, ಎಂಟೂವರೆ ಪುಟಕ್ಕೆ 51. ಸಿಂಪಲ್. ದಿನಕ್ಕೆ 25 ಹೊಡೆದರೆ ಎರಡು ದಿನದಲ್ಲಿ ಪ್ಯಾಕಪ್.

ಕಂಟಿನ್ಯುಟಿ_ಪುಸ್ತಕ

ಹತ್ತುಶಾಟ್ ಅವರ ಉತ್ತರ ಸರಿಯಾದ ಸಂಖ್ಯೆಯ ಹತ್ತಿರ ಬಂದಿದೆ, ಆದರೆ ಆ ದಾರಿಯಲ್ಲಿ ಹೋದರೆ ಮುಂದಿನ ಸ್ಕ್ರಿಪ್ಟ್‌ಗೆ ಕೈಕೊಡುತ್ತದೆ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವುದು ಇಂಗ್ಲಿಷ್ ಸ್ಕ್ರಿಪ್ಟಿನ ಲೆಕ್ಕ. ಅಲ್ಲಿ 12 ಪಾಯಿಂಟ್ ಕೊರಿಯರ್ ಅಕ್ಷರ, ಗೊತ್ತಾದ ಮಾರ್ಜಿನ್, ಪುಟದ ನಡುವೆ ಕಿರಿದಾದ ಸಂಭಾಷಣೆ ಎಲ್ಲ ಸೇರಿ ಆ ಅಂದಾಜು ಕೂರುತ್ತದೆ. ಕನ್ನಡದಲ್ಲಿ ಅಂಥ ಒಂದು ಅಚ್ಚು ಇಲ್ಲ. ಒಬ್ಬರು ನುಡಿ ತಂತ್ರಾಂಶದಲ್ಲಿ 14 ಪಾಯಿಂಟ್ ಇಟ್ಟು ಬರೆಯುತ್ತಾರೆ, ಇನ್ನೊಬ್ಬರು ಎಡಕ್ಕೆ ಕ್ರಿಯೆ, ಬಲಕ್ಕೆ ಮಾತು ಅಂತ ಎರಡು ಕಾಲಂ ಮಾಡುತ್ತಾರೆ. ಒತ್ತಕ್ಷರ ಬರುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕಾಗುತ್ತದೆ. ಅದೇ ದೃಶ್ಯ ಒಬ್ಬರ ಕೈಯಲ್ಲಿ ಒಂದು ಪುಟ, ಇನ್ನೊಬ್ಬರ ಕೈಯಲ್ಲಿ ಒಂದೂಮುಕ್ಕಾಲು ಪುಟ.

ಹಾಗಾಗಿ ಮೊದಲು ನಿಮ್ಮ ಪುಟಕ್ಕೆ ಎಷ್ಟು ನಿಮಿಷ ಅನ್ನುವುದನ್ನು ಅಳೆಯಿರಿ. ಮಾತು ತುಂಬಿದ ಒಂದು ಪುಟ, ಬರೀ ಕ್ರಿಯೆ ಇರುವ ಒಂದು ಪುಟ, ಎರಡೂ ಇರುವ ಒಂದು ಪುಟ ತೆಗೆದುಕೊಳ್ಳಿ. ಮಾತುಗಳನ್ನು ಪಾತ್ರದ ಧಾಟಿಯಲ್ಲೇ ಗಟ್ಟಿಯಾಗಿ ಓದಿ. ಕ್ರಿಯೆ ಬಂದಲ್ಲಿ ಓದಬೇಡಿ, ಎದ್ದು ಮಾಡಿ ತೋರಿಸಿ. "ಎದ್ದು ಹೋಗಿ ಬಾಗಿಲು ತೆಗೆಯುತ್ತಾಳೆ" ಓದಲು ಎರಡು ಸೆಕೆಂಡ್, ಅರವತ್ತು ವರ್ಷದ ಹೆಂಗಸು ನೆಲದಿಂದ ಎದ್ದು ಹೋಗಲು ಹನ್ನೆರಡು. ಮೊಬೈಲಿನ ಸ್ಟಾಪ್‌ವಾಚ್ ಸಾಕು. ನಿಮ್ಮ 11ನೇ ದೃಶ್ಯದಲ್ಲಿ ಮಾತೇ ಇಲ್ಲದಿದ್ದರೆ ಆ ಅರ್ಧ ಪುಟ ತೆರೆಯ ಮೇಲೆ ಒಂದೂವರೆ ನಿಮಿಷ ಆದರೂ ಆದೀತು.

ಇನ್ನೊಂದು ವಿಷಯ, ನಿಮಿಷದಿಂದ ಶಾಟ್ ಹುಟ್ಟುವುದಿಲ್ಲ. ಎಂಟನೇ ಭಾಗದ ಲೆಕ್ಕ ಇರುವುದು ದಿನಗಳನ್ನು ಹಂಚುವುದಕ್ಕೆ. ಶಾಟ್ ಎಣಿಸಲು ವಾಕ್ಯಗಳ ಒಳಗೆ ಹೋಗಬೇಕು. 3ನೇ ದೃಶ್ಯದ ಪಠ್ಯವನ್ನು ಇಲ್ಲಿ ಹಾಕುತ್ತೀರಾ?

ಹೊಸಕಥೆ_ಮೈಸೂರು

ಖಂಡಿತ ಮೇಡಂ.

"ಶಾರದಮ್ಮ ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಗನ ಮಾತು ಕೇಳುತ್ತಿದ್ದಾಳೆ. ಅತ್ತ ಕಡೆ ಮಾತು ನಿಲ್ಲುತ್ತದೆ. ಆಕೆಯ ಕಣ್ಣು ಕಿಟಕಿಯಾಚೆ. ಹಾಲು ಉಕ್ಕಿ ಒಲೆ ಆರುತ್ತದೆ. ಆಕೆಗೆ ಗೊತ್ತಾಗುವುದಿಲ್ಲ."

ಮಗನ ಎರಡು ಮಾತು ನಡುವೆ ಬರುತ್ತೆ. ಒಟ್ಟು 3/8 ಪುಟ.

ಕಂಟಿನ್ಯುಟಿ_ಪುಸ್ತಕ

ಈಗ ಒಂದೊಂದೇ ವಾಕ್ಯಕ್ಕೆ "ನೋಡುವವರಿಗೆ ಇದು ಹೇಗೆ ಗೊತ್ತಾಗಬೇಕು?" ಅಂತ ಕೇಳಿಕೊಳ್ಳಿ.

ಮೊದಲ ವಾಕ್ಯಕ್ಕೆ ಆಕೆ, ಒಲೆ, ಫೋನ್ ಮೂರೂ ಕಾಣುವ ಒಂದು ವೈಡ್ ಬೇಕು. ಮಾತು ನಿಲ್ಲುವುದು, ಕಣ್ಣು ಕಿಟಕಿಯ ಕಡೆ ಹೋಗುವುದು ಎರಡೂ ಮುಖದ ಮೇಲೆಯೇ ನಡೆಯುವುದರಿಂದ ಒಂದು ಕ್ಲೋಸ್ ಸಾಕು. ಹಾಲು ಉಕ್ಕುವುದು ಪಾತ್ರೆಯ ಕ್ಲೋಸ್. ಒಲೆ ಆರುವುದು ಬರ್ನರ್ ಮಟ್ಟದಲ್ಲಿ ಇನ್ನೊಂದು, ಯಾಕೆಂದರೆ ಮೇಲಿನಿಂದ ನೋಡಿದರೆ ಪಾತ್ರೆಯೇ ಉರಿಯನ್ನು ಮರೆಮಾಡುತ್ತದೆ. ಎಲ್ಲರೂ ಎಡವುವುದು ಕೊನೆಯ ವಾಕ್ಯದಲ್ಲಿ. "ಆಕೆಗೆ ಗೊತ್ತಾಗುವುದಿಲ್ಲ" ಅನ್ನುವುದು ಕ್ರಿಯೆಯಂತೆ ಕಾಣುವುದಿಲ್ಲ, ಆದರೆ ಅದೇ ಒಂದು ಶಾಟ್ ಕೇಳುತ್ತಿದೆ: ಉಕ್ಕಿ ಹರಿದ ಹಾಲು, ಕಿಟಕಿಯತ್ತ ಮುಖ ಮಾಡಿ ನಿಂತ ಶಾರದಮ್ಮ, ಎರಡೂ ಒಂದೇ ಫ್ರೇಮಿನಲ್ಲಿ. ಅಲ್ಲಿಗೆ ಐದಾಯಿತು. ಮೊದಲ ವೈಡನ್ನೇ ಕೊನೆಯವರೆಗೂ ಎಳೆದರೆ ನಾಲ್ಕು, ಆಗ ಆ ಟೇಕಿನಲ್ಲಿ ನಟನೆಯೂ ಸರಿಯಾಗಬೇಕು, ಹಾಲೂ ಅದೇ ಕ್ಷಣಕ್ಕೆ ಉಕ್ಕಬೇಕು.

ಕಿಟಕಿಯಾಚೆ ಏನಿದೆ ಅಂತ ತೋರಿಸುತ್ತೀರಾ? ತೋರಿಸಿದರೆ ಆರನೆಯದು. ಅದನ್ನು ಅಡುಗೆಮನೆಯ ಒಳಗಿನಿಂದ ತೆಗೆದರೂ ಕಾಣುವುದು ಬೀದಿ, ಅಂದರೆ ಬೀದಿಯಲ್ಲೂ ಜನ, ವಾಹನ ನೋಡಿಕೊಳ್ಳಬೇಕು.

3/8 ಪುಟಕ್ಕೆ ಐದು ಶಾಟ್ ಅಂದರೆ ಪುಟಕ್ಕೆ ಹದಿಮೂರರ ವೇಗ. ಈಗ 7ನೇ ದೃಶ್ಯ ನೋಡಿ, ಎರಡೂಕಾಲು ಪುಟ ತಾಯಿ ಮಗ ಊಟಕ್ಕೆ ಕೂತು ಆಡುವ ಮಾತು. ಇಬ್ಬರೂ ಕಾಣುವ ಮಾಸ್ಟರ್ ಒಂದು, ಒಬ್ಬರ ಹೆಗಲ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಸಜೆಷನ್ ಎರಡು ಕಡೆಯಿಂದ ಎರಡು, ಕ್ಲೋಸ್ ಎರಡು, ತಟ್ಟೆಯನ್ನಷ್ಟೇ ತೋರಿಸುವ ಇನ್ಸರ್ಟ್ ಒಂದು, ರಘು ಮಷೀನನ್ನು ನೋಡುವಾಗ ಮಷೀನಿನ ಶಾಟ್ ಒಂದು. ಆಕೆ ಸಾರು ತರಲು ಎದ್ದು ಮಗನ ಹಿಂದಿನಿಂದ ಆ ಬದಿಗೆ ಹೋಗುವುದರಿಂದ ಯಾರು ಎಡಕ್ಕೆ, ಯಾರು ಬಲಕ್ಕೆ ಅನ್ನುವ ಲೈನ್ ಮುರಿಯುತ್ತದೆ, ಅದಕ್ಕೆ ಇನ್ನೊಂದು ಮಾಸ್ಟರ್. ಒಟ್ಟು ಎಂಟು, ಅಂದರೆ ಪುಟಕ್ಕೆ ಮೂರೂವರೆ. ಆರು ಪಟ್ಟು ದೊಡ್ಡ ದೃಶ್ಯಕ್ಕೆ ಹೆಚ್ಚಾದದ್ದು ಮೂರೇ ಶಾಟ್. ಪುಟಕ್ಕೆ ಇಷ್ಟು ಅನ್ನುವ ಯಾವ ಸಂಖ್ಯೆಯನ್ನೂ ನಂಬಬೇಡಿ ಎಂದದ್ದು ಇದಕ್ಕೇ.

ಧಾರಾವಾಹಿ_ಸಂಭಾಷಣೆ

ಇಷ್ಟೊಂದು ತಲೆ ಕೆಡಿಸ್ಕೊಳ್ಳೋದು ಯಾಕೆ? ಒಂದು ಶಾಟ್‌ಗೆ ಎರಡು ಸಲ, ಮೂರು ಸಲ ಅಷ್ಟೇ. ಕಲಾವಿದರು ಚೆನ್ನಾಗಿದ್ದರೆ ಎಣಿಸೋದೇ ಬೇಡ. ನಮ್ಮ ಸೀರಿಯಲ್ ಸೆಟ್‌ನಲ್ಲಿ ಎರಡೂವರೆ ಪುಟದ ಮಾತಿನ ದೃಶ್ಯ ಒಂದು ಗಂಟೇಲಿ ಮುಗಿಯುತ್ತೆ.

ಕರಾವಳಿ_ಕ್ಯಾಮೆರಾ

ಸರ್, ನೀವು ಹೇಳ್ತಿರೋದು ಟೇಕ್, ಅಂದರೆ ಒಂದೇ ಶಾಟನ್ನು ಎಷ್ಟು ಸಲ ತೆಗೀತೀವಿ ಅನ್ನೋದು. ಇಲ್ಲಿ ಕೇಳ್ತಿರೋದು ಶಾಟ್. ಇನ್ನೊಂದು, ಸೀರಿಯಲ್‌ನಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಓಡ್ತವೆ, ಬೆಳಕು ಇಡೀ ಸೆಟ್‌ಗೆ ಒಂದೇ ಸಲ ಕಟ್ಟಿರ್ತಾರೆ. ಅದಕ್ಕೇ ಅಲ್ಲಿ ಒಂದು ಗಂಟೆ ಸಾಕಾಗುತ್ತೆ. ಇವರದ್ದು ಒಂದೇ ಕ್ಯಾಮೆರಾ, ಬೇರೆಯವರ ಮನೆ.

ಕಂಟಿನ್ಯುಟಿ ಮೇಡಂ ಹೇಳಿದ ಸಂಖ್ಯೆಗೆ ನಾನು ಒಂದು ಮಾತು ಸೇರಿಸ್ತೇನೆ. ಸಮಯ ತಿನ್ನೋದು ಶಾಟ್ ಅಲ್ಲ, ಸೆಟಪ್. ಕ್ಯಾಮೆರಾ, ಬೆಳಕು ಎರಡೂ ಜಾಗ ಬದಲಿಸಿದರೆ ಅದು ಹೊಸ ಸೆಟಪ್. 3ನೇ ದೃಶ್ಯದಲ್ಲಿ ಶಾಟ್ ಐದು. ಆದರೆ ಮೊದಲ ವೈಡ್ ಮತ್ತು ಕೊನೆಯ ವೈಡ್ ಒಂದೇ ಜಾಗದಿಂದ. ಪಾತ್ರೆಯಿಂದ ಬರ್ನರ್‌ಗೆ ಹೋಗಲು ಕ್ಯಾಮೆರಾ ಒಂದು ಗೇಣು ಇಳಿಸಿದರೆ ಸಾಕು, ಬೆಳಕು ಅದೇ. ಹಾಗಾಗಿ ಸೆಟಪ್ ಮೂರೇ. 7ರಲ್ಲಿ ಎಂಟು ಶಾಟ್, ಆರು ಸೆಟಪ್, ಯಾಕೆಂದರೆ ಒಂದು ಬದಿಯ ಸಜೆಷನ್ ತೆಗೆದ ಮೇಲೆ ಲೆನ್ಸ್ ಬದಲಿಸಿ ಅಲ್ಲೇ ಕ್ಲೋಸ್ ತೆಗೀಬಹುದು.

ನೀವು ಕೊಟ್ಟ ಪಟ್ಟಿ ನೋಡಿ ನಾನು ಹಾಕಿದ ಅಂದಾಜು ಇದು. 1ಕ್ಕೆ 3 ಶಾಟ್, 2ಕ್ಕೆ 8, 3ಕ್ಕೆ 5, 4ಕ್ಕೆ 5, 5ಕ್ಕೆ 4, 6ಕ್ಕೆ 3, 7ಕ್ಕೆ 8, 8ಕ್ಕೆ 4, 9ಕ್ಕೆ 7, 10ಕ್ಕೆ 5, 11ಕ್ಕೆ 3. ಒಟ್ಟು 55. ಸೆಟಪ್ ಲೆಕ್ಕ ಅದೇ ಕ್ರಮದಲ್ಲಿ 2, 6, 3, 4, 3, 2, 6, 3, 5, 4, 2. ಒಟ್ಟು 40.

ಹತ್ತು ಗಂಟೆಯ ದಿನದಲ್ಲಿ ಸಾಮಾನು ಇಳಿಸಿ ಮೊದಲ ಬೆಳಕು ಕಟ್ಟಲು ಒಂದು ಗಂಟೆ, ಊಟಕ್ಕೆ ಒಂದು ಗಂಟೆ. ಉಳಿದ ಎಂಟು ಗಂಟೆಯಲ್ಲಿ ಎಂಟು ಹತ್ತು ಜನರ ಯೂನಿಟ್‌ಗೆ ಸೆಟಪ್‌ಗೆ ಅರ್ಧ ಗಂಟೆ ಅಂದರೆ 16. ಹೊರಾಂಗಣ ಹಗಲಾದರೆ ಸ್ವಲ್ಪ ಹೆಚ್ಚು, ಇಕ್ಕಟ್ಟಾದ ಕೋಣೆಯಲ್ಲಿ ರಾತ್ರಿ ಬೆಳಕು ಕಟ್ಟಬೇಕಾದರೆ ಕಡಿಮೆ. ಎರಡು ದಿನಕ್ಕೆ 32. ನಿಮಗೆ ಬೇಕಿರೋದು 40.

ಹತ್ತುಶಾಟ್

ಅಂದ್ರೆ ನನ್ನ 51ಕ್ಕೂ ನಿಮ್ಮ 55ಕ್ಕೂ ಏನು ಮಹಾ ವ್ಯತ್ಯಾಸ? ಸುಮ್ನೆ ಸುತ್ತಿ ಬಳಸಿ ಅಲ್ಲಿಗೇ ಬಂದ್ರಿ.

ಕರಾವಳಿ_ಕ್ಯಾಮೆರಾ

ಮೊತ್ತ ಹತ್ತಿರ ಇದೆ, ಒಪ್ಪಿದೆ. ಆದರೆ ನಿಮ್ಮ ಲೆಕ್ಕದಲ್ಲಿ ಹಾಲಿನ ದೃಶ್ಯಕ್ಕೆ ಎರಡು ಶಾಟ್, ಊಟದ ದೃಶ್ಯಕ್ಕೆ ಹದಿಮೂರು ಬೀಳುತ್ತೆ. ಅದನ್ನು ಹಿಡಿದು ಶೆಡ್ಯೂಲ್ ಹಾಕಿದರೆ ಬೆಳಗ್ಗೆ ಅಡುಗೆಮನೆಗೆ ಮುಕ್ಕಾಲು ಗಂಟೆ ಕೊಡ್ತೀರಿ, ಹನ್ನೊಂದಾದರೂ ಅಲ್ಲೇ ಇರ್ತೀರಿ.

ಹತ್ತುಶಾಟ್

ಹ್ಞಾಂ, ಅದು ಸರಿ.

ಪ್ರಾಪರ್ಟಿ_ಪೆಟ್ಟಿಗೆ

ಹುಬ್ಬಳ್ಳಿಯಿಂದ ನಮಸ್ಕಾರ್ರಿ. ಹಾಲಿನ ದೃಶ್ಯ ನೋಡಿ ಸುಮ್ಮನ ಕೂಡೂದಾಗಲಿಲ್ಲ. ನಿಮ್ಮ ಪಟ್ಟಿಯೊಳಗ ಹಾಲೇ ಇಲ್ಲಲ್ರಿ!

ಹಾಲು ಉಕ್ಕೂ ಶಾಟ್ ನಾಕು ಟೇಕ್ ಅಂತ ಹಿಡೀರಿ, ಒಂದು ರಿಹರ್ಸಲ್. ಅರ್ಧ ಲೀಟರ್ ಹಿಡಿಯೂ ಸಣ್ಣ ಪಾತ್ರಿ ತಗೋರಿ, ಕಂಠದ ಮಟ ಹಾಲು ಹಾಕ್ರಿ. ದೊಡ್ಡ ಪಾತ್ರಿ ಆದ್ರ ಉಕ್ಕಾಕ ಭಾಳ ಹೊತ್ತು ತಗೋತದ, ಎಲ್ಲಾರೂ ಕಾಯ್ಕೋತ ನಿಂದರಬೇಕು. ಐದು ಸಲಕ್ಕ ಎರಡೂವರೆ ಲೀಟರ್, ಮೂರು ತರ್ರಿ. ಪಾತ್ರಿ ಒಂದೇ ನಮೂನಿ ಮೂರು ಬೇಕು, ಯಾಕಂದ್ರ ಉಕ್ಕಿದ ಪಾತ್ರಿ ಹೊರಗಡೆ ಕಪ್ಪಾಗಿ ಕಲೆ ಹಿಡೀತದ, ತಿಕ್ಕಿ ಒರಸಿ ಕೊಡೂದ್ರಾಗ ಹತ್ತು ನಿಮಿಷ ಹೋಗ್ತದ. ಬಾಜೂ ಒಲಿ ಮ್ಯಾಲ, ಫ್ರೇಮಿನ ಹೊರಗ, ಮುಂದಿನ ಟೇಕಿನ ಹಾಲು ಬಿಸಿ ಮಾಡ್ಕೋತ ಇರ್ರಿ. ಬಿಸಿ ಹಾಲು ಹಾಕಿದ್ರ ಒಂದೆರಡು ನಿಮಿಷದಾಗ ಉಕ್ಕತದ.

ಇನ್ನ ಒಲಿ ಆರೂದು. ಹಾಲು ಉಕ್ಕಿದ್ರ ಉರಿ ಒಮ್ಮೊಮ್ಮೆ ಆರ್ತದ, ಒಮ್ಮೊಮ್ಮೆ ಆರೂದಿಲ್ಲ. ಆರಿದ್ರ ಗ್ಯಾಸ್ ಸೋರ್ಕೋತ ಇರ್ತದ, ಮ್ಯಾಲ ನಿಮ್ಮ ಲೈಟು ಬಿಸಿ ಇರ್ತಾವ. ಅದನ್ನ ತಾನಾಗಿ ಆರ್ಲಿ ಅಂತ ಬಿಡಬ್ಯಾಡ್ರಿ. ಒಬ್ಬನ್ನ ಸಿಲಿಂಡರ್ ಹಂತ್ಯಾಕ ಕುಂದ್ರಸ್ರಿ, ಹಾಲು ಬರ್ನರ್‌ಗೆ ಬಿದ್ದ ಕೂಡಲೇ ಅಂವ ರೆಗ್ಯುಲೇಟರ್ ಬಂದ್ ಮಾಡ್ಲಿ. ಪೈಪಿನ್ಯಾಗಿದ್ದ ಗ್ಯಾಸ್ ಉರದು ಉರಿ ತಾನ ಸಣ್ಣಾಗಿ ಆರ್ತದ, ಕ್ಯಾಮೆರಾದಾಗ ಅದು ಇನ್ನೂ ಚಂದ ಕಾಣ್ತದ. ಕಿಟಕಿ ತಗದಿರ್ಲಿ. ತೊಯ್ದ ಬರ್ನರ್ ಮತ್ತ ಹತ್ತೂದಿಲ್ಲ, ಅದಕ್ಕ ಅದೇ ಅಳತಿದು ಇನ್ನೊಂದು ಬರ್ನರ್ ಬೇಕಾಬೇಕು.

ಅಂದ್ರ ಸ್ಕ್ರಿಪ್ಟಿನ್ಯಾಗ "ಹಾಲು ಉಕ್ಕಿ ಒಲೆ ಆರುತ್ತದೆ", ನಾಕೇ ಶಬ್ದ. ಪಟ್ಟಿಯೊಳಗ ಮೂರು ಲೀಟರ್ ಹಾಲು, ಮೂರು ಪಾತ್ರಿ, ಎರಡು ಬರ್ನರ್, ಒರಸೂ ಅರಬಿ, ಒಬ್ಬ ಮನಷ್ಯಾ, ಮತ್ತ ಕಮ್ಮಿ ಅಂದ್ರ ಒಂದು ತಾಸು.

ಹೊಸಕಥೆ_ಮೈಸೂರು

ಅಣ್ಣ, ಇದನ್ನೆಲ್ಲ ಯೋಚನೆಯೇ ಮಾಡಿರಲಿಲ್ಲ. ಹಾಗಾದರೆ ಮಷೀನ್?

ಪ್ರಾಪರ್ಟಿ_ಪೆಟ್ಟಿಗೆ

ಮಷೀನ್ ಅಂತ ಒಂದು ಬರದೀರಿ, ಅದರ ಬೆನ್ನಿಗೆ ಒಂದು ಸಂಸಾರನ ಅದರಿ. ಮೊದಲ ಇದನ್ನ ಹೇಳ್ರಿ, 2ನೇ ದೃಶ್ಯದಾಗ ಆಕಿ ಖರೇನ ಹೊಲೀತಾಳೋ, ಬರೇ ಕುಂತಿರ್ತಾಳೋ?

ಹೊಸಕಥೆ_ಮೈಸೂರು

ಹೊಲೀತಾಳೆ. "ಬ್ಲೌಸಿನ ತೋಳು ಕೂಡಿಸುತ್ತಾಳೆ, ದಾರ ಹಲ್ಲಿನಲ್ಲಿ ಕಚ್ಚಿ ತುಂಡರಿಸುತ್ತಾಳೆ" ಅಂತಿದೆ.

ಪ್ರಾಪರ್ಟಿ_ಪೆಟ್ಟಿಗೆ

ಹಂಗಾದ್ರ ನಡಿಯೂ ಮಷೀನ್ ಬೇಕು. ಬೆಲ್ಟ್ ಬಿಗಿ ಇರಬೇಕು, ಎಣ್ಣಿ ಹಾಕಿರಬೇಕು, ಎರಡು ಸೂಜಿ ಜಾಸ್ತಿ, ಬಾಬಿನ್‌ಗೆ ದಾರ ಸುತ್ತಿ ಇಟ್ಟಿರಬೇಕು. ತೋಳು ಒಮ್ಮೆ ಕೂಡಿಸಿದ್ರ ಮುಗೀತು, ಮುಂದಿನ ಟೇಕಿಗೆ ಮತ್ತ ಕೂಡಸದ ತೋಳು ಬೇಕು. ಹೊಲಿಯೂದು ಕಾಣೂ ಶಾಟ್ ಎರಡು, ಒಂದೊಂದಕ್ಕ ನಾಕು ಟೇಕ್, ಎಂಟು ಜೋಡಿ ಕತ್ತರಿಸಿದ ಅರಬಿ. ಎಲ್ಲಾ ಒಂದೇ ಥಾನಿಂದು ಇರಬೇಕು, ಬಣ್ಣ ಒಂಚೂರು ಹೆಚ್ಚು ಕಮ್ಮಿ ಆದ್ರೂ ಕ್ಲೋಸ್‌ನ್ಯಾಗ ಗೊತ್ತಾಗ್ತದ. ಇದರ ಮ್ಯಾಲ ಪೂರ್ತಿ ಹೊಲದ ಬ್ಲೌಸ್ ಒಂದು ಬ್ಯಾರೆ. 4ರೊಳಗ ಬಾಜೂ ಮನಿಯಾಕಿ ಅದನ್ನ ಒಯ್ಯೂದು ಅದ ಅಲ್ರಿ?

ಟೇಪು, ಕತ್ತರಿ, ಸೀಮೆಸುಣ್ಣ, ಎಣ್ಣಿ ಡಬ್ಬಿ, ದಾರದ ಉಂಡಿ, ಚೂರು ಅರಬಿಯ ಚೀಲ. ಇವು ಸ್ಕ್ರಿಪ್ಟಿನ್ಯಾಗ ಬರದಿರೂದಿಲ್ಲ, ಆದ್ರ ಇಲ್ಲದಿದ್ರ ಅದು ಹೊಲಿಯೂ ಹೆಣ್ಣಮಗಳ ಮನಿ ಅನಸೂದಿಲ್ಲ.

ಕಬ್ಬಿಣದ ಕಾಲು ಇರೂ ಮಷೀನ್ ಭಾರ ಇರ್ತದ, ಎತ್ತಾಕ ಇಬ್ಬರು. 10ರೊಳಗ ಲಗೇಜ್ ಆಟೋಕ್ಕ ಏರಸ್ತೀರಿ. ಒಂದು ಟೇಕ್ ಆದ ಮ್ಯಾಲ ಹಗ್ಗ ಬಿಚ್ಚಿ, ಇಳಿಸಿ, ಮತ್ತ ಬಾಗಲದ ಮುಂದ ತಂದಿಟ್ಟು, ಆಟೋ ಹಿಂದಕ್ಕ ತಂದು, ಹತ್ತು ನಿಮಿಷ. ಇದನ್ನ ಮೂರು ಟೇಕಿಗಿಂತ ಹೆಚ್ಚು ಮಾಡಾಕ ಆಗೂದಿಲ್ಲ, ಎತ್ತಾವ್ರಿಗೂ ಸಾಕಾಗಿ ಹೋಗ್ತದ.

ಕಂಟಿನ್ಯುಟಿ_ಪುಸ್ತಕ

ಅಣ್ಣ ಹೇಳಿದ್ದಕ್ಕೆ ಕಾಲಕ್ರಮ ಸೇರಿಸಿಕೊಳ್ಳಿ. ಕಥೆಯಲ್ಲಿ ಎರಡು ದಿನ ಇವೆ. 1ರಿಂದ 8 ಮೊದಲ ದಿನ, 9ರಿಂದ 11 ಎರಡನೇ ದಿನ. ಪ್ರಾಪರ್ಟಿ ಪಟ್ಟಿಯಲ್ಲಿ ವಸ್ತುವಿನ ಹೆಸರಿನ ಪಕ್ಕ ಕಥೆಯ ದಿನ, ದೃಶ್ಯದ ಸಂಖ್ಯೆ, ಆಗ ಅದು ಯಾವ ಸ್ಥಿತಿಯಲ್ಲಿದೆ ಅನ್ನುವ ಮೂರು ಕಾಲಂ ಇರಲಿ. ಬ್ಲೌಸ್ ಒಂದೇ ವಸ್ತು, ಸ್ಥಿತಿ ಮಾತ್ರ ಮೂರು: ಬಿಡಿ ತುಂಡು, ಅರ್ಧ ಹೊಲಿದದ್ದು, ಮುಗಿದದ್ದು.

11ನೇ ದೃಶ್ಯದಲ್ಲಿ ಮಷೀನ್ ಇಲ್ಲ. ಆದರೆ ಆ ಇಲ್ಲದಿರುವಿಕೆಯೂ ಪ್ರಾಪರ್ಟಿಯೇ. ವರ್ಷಗಟ್ಟಲೆ ಮಷೀನ್ ನಿಂತ ಜಾಗದಲ್ಲಿ ನೆಲದ ಬಣ್ಣ ಬೇರೆ ಇರುತ್ತದೆ, ನಾಲ್ಕು ಕಾಲಿನ ಗುರುತು ಇರುತ್ತದೆ, ಮೂಲೆಯಲ್ಲಿ ದಾರದ ಚೂರು ಬಿದ್ದಿರುತ್ತವೆ. ನೀವು ಬಾಡಿಗೆ ಮನೆಗೆ ಹೊರಗಿನಿಂದ ಮಷೀನ್ ತಂದಿರುವುದರಿಂದ ಅಲ್ಲಿ ಯಾವ ಗುರುತೂ ಇರುವುದಿಲ್ಲ, ಅದನ್ನು ಕಲಾ ವಿಭಾಗ ಮಾಡಬೇಕು. ಅರ್ಧ ಗಂಟೆಯ ಕೆಲಸ, ಶೆಡ್ಯೂಲಿನಲ್ಲಿ ಬರೆಯದಿದ್ದರೆ ಸಂಜೆ ಬೆಳಕು ಹೋಗುವಾಗ ನೆನಪಾಗುತ್ತದೆ. ಈ ದೃಶ್ಯ ತೆಗೆದ ಮೇಲೆ ಮಷೀನನ್ನು ಮತ್ತೆ ಅಲ್ಲಿಟ್ಟು 2 ಅಥವಾ 7 ತೆಗೆಯಬೇಕಾದರೆ ಗುರುತುಗಳೆಲ್ಲ ಅಳಿಸಬೇಕು, ಆದ್ದರಿಂದ ನಡುಮನೆಯ ಉಳಿದ ದೃಶ್ಯಗಳೆಲ್ಲ ಮುಗಿದ ಮೇಲೆ 11 ಬರಲಿ.

9ರಲ್ಲಿ "ಹಣ ಎಣಿಸಿ ಕೊಡುತ್ತಾನೆ" ಅಂತಿದ್ದರೆ ಎಷ್ಟು ಹಣ ಅಂತ ಸ್ಕ್ರಿಪ್ಟಿನಲ್ಲೇ ಬರೆಯಿರಿ. 4,500 ರೂಪಾಯಿ ಅಂದರೆ 500ರ ಒಂಬತ್ತು ನೋಟು, ಎಣಿಸಲು ಎಂಟು ಹತ್ತು ಸೆಕೆಂಡ್. 100ರ ನೋಟಾದರೆ ನಲವತ್ತೈದು, ಅದು ಬೇರೆಯೇ ದೃಶ್ಯ. ನೋಟಿನಂತೆ ಕಾಣುವ ಕಾಗದ ಅಚ್ಚು ಹಾಕಿಸಬೇಡಿ, ಅದು ಅಪರಾಧ. ಇಷ್ಟು ಕಡಿಮೆ ಮೊತ್ತಕ್ಕೆ ನಿಜವಾದ ನೋಟೇ ಸಾಕು, ಲೆಕ್ಕ ಇಡುವವರೊಬ್ಬರು ಇರಲಿ.

ಕರಾವಳಿ_ಕ್ಯಾಮೆರಾ

ಊಟದ ದೃಶ್ಯಕ್ಕೂ ಒಂದು ಮಾತು. ಎಂಟು ಶಾಟ್, ನಾಲ್ಕು ಟೇಕ್ ಅಂದರೆ ಮೂವತ್ತಕ್ಕೂ ಹೆಚ್ಚು ಸಲ ತಟ್ಟೆ ಮೊದಲಿನ ಸ್ಥಿತಿಗೆ ಬರಬೇಕು. ಒಂದು ಕೆಜಿ ಅಕ್ಕಿಯ ಅನ್ನ ಇಬ್ಬರಿಗೆ ಸಾಕಾಗುತ್ತೆ, ಆದರೆ ಕಲಾವಿದರು ಪ್ರತಿ ಟೇಕಿಗೂ ತಿಂದರೆ ಆರನೇ ಶಾಟ್ ಹೊತ್ತಿಗೆ ಬಾಯಿಗಿಡಲು ಆಗಲ್ಲ. ಯಾವ ಮಾತಿಗೆ ತುತ್ತು ಅಂತ ಮೊದಲೇ ಗುರುತು ಮಾಡಿಕೊಳ್ಳಿ, ಉಳಿದ ಕಡೆ ಕಲಸುತ್ತಿರಲಿ. ಸ್ಕ್ರಿಪ್ಟಿನಲ್ಲಿ ಹಪ್ಪಳ ಇದ್ದರೆ ತೆಗೆದುಬಿಡಿ, ಸದ್ದು ಮಾತಿನ ಮೇಲೆ ಕೂರುತ್ತೆ, ಎಡಿಟಿಂಗ್‌ನಲ್ಲಿ ಬಿಡಿಸಲು ಬರಲ್ಲ.

ಹೊಸಕಥೆ_ಮೈಸೂರು

ಹಪ್ಪಳ ಇತ್ತು. ತೆಗೆದೆ. ಲೊಕೇಶನ್ 9 ಅನ್ನೋದರ ಬಗ್ಗೆ ಯಾರೂ ಹೇಳಲಿಲ್ಲ.

ಕಂಟಿನ್ಯುಟಿ_ಪುಸ್ತಕ

ಅದು 9 ಅಲ್ಲ. ನಿಮ್ಮ ಶೀರ್ಷಿಕೆಗಳನ್ನು ಇನ್ನೊಮ್ಮೆ ಓದಿ. 2 ಮತ್ತು 11ರಲ್ಲಿ "ನಡುಮನೆ", 9ರಲ್ಲಿ "ನಡು ಮನೆ", 7ರಲ್ಲಿ "ಹಾಲ್". ಮೂರೂ ಒಂದೇ ಕೋಣೆ, ಶೀಟ್ ಮಾತ್ರ ಮೂರು ಅಂತ ಎಣಿಸಿತು. ನಡುವೆ ಒಂದು ಖಾಲಿ ಜಾಗ ಬಿದ್ದರೂ ಅದಕ್ಕೆ ಬೇರೆ ಹೆಸರು. ಕನ್ನಡದಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ: ಅಡುಗೆಮನೆ, ಅಡಿಗೆಮನೆ, ಬಸ್ ಸ್ಟಾಂಡ್, ಬಸ್‌ಸ್ಟ್ಯಾಂಡ್. ಮೊದಲು ಹೆಸರುಗಳ ಒಂದು ಪಟ್ಟಿ ಮಾಡಿ, ಡ್ರಾಪ್‌ಡೌನ್ ಇಟ್ಟು ಅದರಿಂದಲೇ ಆರಿಸಿ. ಸರಿಪಡಿಸಿದರೆ 7 ಬರುತ್ತದೆ.

ಆ ಏಳೂ ಕಥೆಯ ಸ್ಥಳಗಳು. ಗಾಡಿ ನಿಲ್ಲುವ ಸ್ಥಳ ಎಷ್ಟು ಅನ್ನುವುದು ಬೇರೆ ಕಾಲಂ. ನಡುಮನೆ, ಅಡುಗೆಮನೆ, ಕೋಣೆ, ಜಗಲಿ, ಮನೆ ಮುಂದಿನ ಬೀದಿ ಐದೂ ಒಂದೇ ಮನೆಯಲ್ಲಿ ಸಿಕ್ಕರೆ ಅದು ಒಂದು ಲೊಕೇಶನ್. ಬಸ್ಸು ಮತ್ತು ಬಸ್ ಸ್ಟಾಂಡ್ ಇನ್ನೊಂದು. ಹೀಗೆ 9 ಇದ್ದದ್ದು 7 ಆಗಿ, ಕೊನೆಗೆ 2 ಆಗುತ್ತದೆ.

ಕಡಿಮೆ ಆಯಿತು ಅಂತ ನೆಮ್ಮದಿಯಾಗುವ ಮುಂಚೆ ಅಡಗಿರುವುದನ್ನು ಹುಡುಕಿ. 10ನೇ ದೃಶ್ಯಕ್ಕೆ "ಬೀದಿ" ಅಂತ ಶೀರ್ಷಿಕೆ ಇದೆ. ಶಾರದಮ್ಮ ಎಲ್ಲಿ ನಿಂತು ನೋಡುತ್ತಾಳೆ? ಜಗಲಿಯಲ್ಲಿ ಅಂದರೆ ಜಗಲಿಯೂ ಆ ದೃಶ್ಯದ ಲೊಕೇಶನ್, ಜಗಲಿಯಿಂದ ಬೀದಿಯ ತಿರುವು ಕಾಣುವ ಮನೆಯೇ ಬೇಕು. 3ರಲ್ಲಿ ಮಗ ಫೋನಿನಲ್ಲಿ ಮಾತಾಡುತ್ತಾನೆ. ದನಿ ಮಾತ್ರವೋ, ಅವನನ್ನೂ ತೋರಿಸುತ್ತೀರೋ? ತೋರಿಸಿದರೆ ಬೆಂಗಳೂರಿನ ಒಂದು ಕೋಣೆ ಎಲ್ಲೂ ಬರೆಯದೆಯೇ ಪಟ್ಟಿಗೆ ಸೇರಿತು. ದನಿ ಮಾತ್ರ ಅಂದರೆ ಅದನ್ನು ಮೊದಲೇ ರೆಕಾರ್ಡ್ ಮಾಡಿಕೊಳ್ಳಿ, ಇಲ್ಲವೇ ರಘು ಪಾತ್ರಧಾರಿ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಇರಲಿ.

ಹೊಸಕಥೆ_ಮೈಸೂರು

ದನಿ ಮಾತ್ರ ಮೇಡಂ. ಬಸ್ಸಿನ ದೃಶ್ಯಕ್ಕೆ ಮಾಮೂಲಿ ಬಸ್ ಹತ್ತಿ ಮೊಬೈಲಲ್ಲಿ ತೆಗೆದುಬಿಡೋಣ ಅಂತಿದ್ದೆವು.

ಕರಾವಳಿ_ಕ್ಯಾಮೆರಾ

ಸಾರಿಗೆ ನಿಗಮದ ಬಸ್ಸಿನಲ್ಲಿ ಅನುಮತಿ ಇಲ್ಲದೆ ತೆಗೀಬೇಡಿ. ಪ್ರಯಾಣಿಕರ ಮುಖ ಬರುತ್ತೆ, ಅವರು ಒಪ್ಪಿರಲ್ಲ. ಅದೂ ಅಲ್ಲದೆ ಎರಡನೇ ಟೇಕ್ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದವರು ಇಳಿದುಹೋಗಿರ್ತಾರೆ. ಖಾಸಗಿ ಬಸ್ಸನ್ನು ಅರ್ಧ ದಿನಕ್ಕೆ ಮಾತಾಡಿ. ಉದ್ದದ ಲೆನ್ಸ್ ಹಾಕಿ ಕಿಟಕಿ ಬದಿಯಿಂದ ತೆಗೆದರೆ ಐದಾರು ಜನ ಕೂತರೂ ಬಸ್ ತುಂಬಿದ ಹಾಗೆ ಕಾಣುತ್ತೆ. ಮುಂದಿನಿಂದ ಹಿಂದಕ್ಕೆ ವೈಡ್ ಬೇಕು ಅಂದರೆ ಹದಿನೈದು ಜನರಾದರೂ ಬೇಕು.

ದೊಡ್ಡ ತೊಂದರೆ "ಸಂಜೆ" ಅನ್ನೋ ಪದ. ಕಿಟಕಿಯಲ್ಲಿ ಸಂಜೆ ಕಾಣಬೇಕಂದರೆ ಬಸ್ ಓಡಲೇಬೇಕು. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತೆ, ಒಳ್ಳೆ ಬೆಳಕು ಸಿಗೋದು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ 5 ಮತ್ತು 6ರ ಐದು ಸೆಟಪ್ ಆಗಲ್ಲ. ರಾತ್ರಿ ಮಾಡಿ. ನಿಂತ ಬಸ್ಸಿನಲ್ಲೇ ತೆಗೀಬಹುದು, ಹೊರಗಿನಿಂದ ಎರಡು ಲೈಟ್ ಹಿಡಿದು ಕಿಟಕಿ ಪಕ್ಕ ಓಡಾಡಿಸಿದರೆ, ಒಬ್ಬರು ಬಸ್ಸನ್ನು ಸ್ವಲ್ಪ ಅಲುಗಾಡಿಸಿದರೆ, ಓಡುತ್ತಿರೋ ಹಾಗೇ ಕಾಣುತ್ತೆ.

ಧಾರಾವಾಹಿ_ಸಂಭಾಷಣೆ

ಅದು ಬೇಡ. ರಾತ್ರಿ ಬಸ್ಸಿಳಿದವನು 7ನೇ ದೃಶ್ಯದಲ್ಲಿ ತಾಯಿ ಜೊತೆ ಊಟಕ್ಕೆ ಕೂತರೆ ಅಷ್ಟು ಹೊತ್ತಿನವರೆಗೂ ಆಕೆ ಕಾಯ್ತಿದ್ದಳು ಅಂತಾಗುತ್ತೆ. ದೃಶ್ಯದ ಅರ್ಥವೇ ಬದಲಾಗುತ್ತೆ. ಲೈಟ್ ಉಳಿಸೋಕೆ ಅಂತ ಕಥೆ ತಿರುಗಿಸಬಾರದು. ನನ್ನ ಕೇಳಿದರೆ 5, 6 ಎರಡನ್ನೂ ಕಿತ್ತುಹಾಕಿ. ಬಾಗಿಲು ತಟ್ಟುವ ಸದ್ದು, ಕೈಯಲ್ಲಿ ಬ್ಯಾಗು, ಮಗ ಬಂದ. ಮುಗೀತು.

ಕರಾವಳಿ_ಕ್ಯಾಮೆರಾ

ತಾಯಿ ಕಾಯ್ತಿದ್ದಳು ಅನ್ನೋದು ಆ ದೃಶ್ಯಕ್ಕೆ ಒಳ್ಳೆಯದೇ ಆಗಬಹುದು. ಅದನ್ನು ಬರೆದವರು ಹೇಳಲಿ.

ಹತ್ತುಶಾಟ್

5, 6 ಕಿತ್ತರೆ 7 ಶಾಟ್, 5 ಸೆಟಪ್ ಕಡಿಮೆ. ಆಗ 35 ಸೆಟಪ್, ಲೊಕೇಶನ್ ಒಂದೇ, ಶಿಫ್ಟಿಂಗ್ ಇಲ್ಲ. 32ಕ್ಕೆ ಮೂರು ಮಾತ್ರ ಹೆಚ್ಚು. 4ನೇ ದೃಶ್ಯ ಜಗಲಿ ಮೇಲಿನ ಮಾತು ಅಲ್ವಾ? ಅದನ್ನ ಒಂದೇ ಶಾಟ್‌ನಲ್ಲಿ ತೆಗೆದರೆ 4 ಸೆಟಪ್ ಇದ್ದದ್ದು 1 ಆಗುತ್ತೆ. ಸರಿಯಾಗಿ 32!

ಕಂಟಿನ್ಯುಟಿ_ಪುಸ್ತಕ

ಈ ಸಲ ಲೆಕ್ಕ ಸರಿಯಾಗಿದೆ. ಆದರೆ ಒಂದು ಪುಟದ ಮಾತನ್ನು ಒಂದೇ ಶಾಟ್‌ನಲ್ಲಿ ತೆಗೆಯುವಾಗ ಕೊನೆಯ ಸಾಲಿನಲ್ಲಿ ಎಡವಿದರೂ ಮೊದಲಿನಿಂದ ಶುರು ಮಾಡಬೇಕು. ಅದು ಹೊರಾಂಗಣ ಬೇರೆ, ಒಂದು ಸ್ಕೂಟರ್ ಹಾದುಹೋದರೆ ಆ ಟೇಕ್ ಹೋಯಿತು. ನಾಲ್ಕು ಸೆಟಪ್‌ಗೆ ಎರಡು ಗಂಟೆ ಇಟ್ಟಿದ್ದಿರಿ. ಒಂದು ಸೆಟಪ್ ಆದರೂ ಒಂದೂಕಾಲು ಗಂಟೆ ಕೊಡಿ, ಅರ್ಧ ಗಂಟೆ ಅಂತ ಬರೆಯಬೇಡಿ. ಎಡಿಟಿಂಗ್‌ನಲ್ಲಿ ನಡುವಿನ ನಾಲ್ಕು ಮಾತು ಬೇಡ ಅನ್ನಿಸಿದರೆ ಕತ್ತರಿಸಲೂ ಜಾಗ ಇರುವುದಿಲ್ಲ. ಕೊನೇಪಕ್ಷ ಪಕ್ಕದ ಮನೆಯಾಕೆಯ ಕೈಯಲ್ಲಿರುವ ಬ್ಲೌಸಿನ ಒಂದು ಇನ್ಸರ್ಟ್ ತೆಗೆದಿಡಿ.

ಪ್ರಾಪರ್ಟಿ_ಪೆಟ್ಟಿಗೆ

ಹಾಲಿನ ದೃಶ್ಯಕ್ಕ ಮೂರು ಸೆಟಪ್, ಒಂದೂವರೆ ತಾಸು ಅಂತ ಹಿಡದೀರಿ. ಉಕ್ಕೂ ಶಾಟ್‌ಗೇ ಒಂದು ತಾಸು ಬೇಕಂದೆ. ಅಲ್ಲೂ ಅರ್ಧ ತಾಸು ಕೂಡಸ್ರಿ.

ಹೊಸಕಥೆ_ಮೈಸೂರು

ಹಾಗಾದರೆ 32 ಸೆಟಪ್ ಅಂದರೂ ಜಗಲಿಯ ಮುಕ್ಕಾಲು ಗಂಟೆ, ಹಾಲಿನ ಅರ್ಧ ಗಂಟೆ, ನೆಲದ ಗುರುತಿನ ಅರ್ಧ ಗಂಟೆ ಸೇರಿ ಎರಡು ದಿನಕ್ಕೆ ಒಂದೂಮುಕ್ಕಾಲು ಗಂಟೆ ಹೆಚ್ಚಾಗ್ತಿದೆ. ಗುರುತಿನ ಕೆಲಸವನ್ನು 10ನೇ ದೃಶ್ಯ ಬೀದಿಯಲ್ಲಿ ನಡೆಯುವಾಗಲೇ ಒಳಗೆ ಮಾಡಿಸಬಹುದು, ಮಷೀನ್ ಹೇಗೂ ಹೊರಗಿರುತ್ತೆ. ಅಲ್ಲಿ ಅರ್ಧ ಗಂಟೆ ಉಳಿಯಿತು. ಬಸ್ಸಿನ ವಿಷಯ ಇನ್ನೂ ನಿರ್ಧಾರ ಮಾಡಿಲ್ಲ, ಬಿಡಲು ಮನಸ್ಸಿಲ್ಲ. ಇವತ್ತು ರಾತ್ರಿ ಸ್ಟಾಪ್‌ವಾಚ್ ಹಿಡಿದು ಓದಿ, ಹೆಸರುಗಳನ್ನು ಸರಿಮಾಡಿದ ಶೀಟ್ ಹಾಕ್ತೇನೆ.

ಪ್ರಾಪರ್ಟಿ_ಪೆಟ್ಟಿಗೆ

ಹಾಕ್ರಿ. 8ನೇ ದೃಶ್ಯದಾಗ ಕ್ವಾಣ್ಯಾಗ ಏನೇನ್ ಅದ ಅಂತ ನೀವು ಹೇಳೇ ಇಲ್ಲ ನೋಡ್ರಿ.